ಪದಚರ್ಚೆ: ಸ್ಕ್ರೀನ್ ರೆಕಾರ್ಡಿಂಗ್‌ನ ಸುತ್ತಲಿನ ಕಪ್ಪು ತೆಗೆಯುವುದಕ್ಕೆ ಏನೆಂದು ಬರೆಯಲಿ?

ಉಡುಪಿಯಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದರ ಜೊತೆಗೆ ಕೆಲಸದ ಬಗ್ಗೆಯೂ ಗೊತ್ತಿರುವವರು ಬೇಕು.

ನಮ್ಮಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳಿಗೆ ಮಳೆಗಾಲದಲ್ಲಿ ಪಾಠ ವಿಡಿಯೊ ಕರೆಯಲ್ಲಿ ನಡೆಯುತ್ತದೆ. ಗುರುಗಳ ಒಪ್ಪಿಗೆ ಪಡೆದು ಮನೆಯವರು ಅದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಮಕ್ಕಳು ಆಮೇಲೆ ನೋಡಿ ಅಭ್ಯಾಸ ಮಾಡಲಿ ಅಂತ. ಆದರೆ ಹೆಚ್ಚಿನವರ ವಿಡಿಯೊದಲ್ಲಿ ಗುರುಗಳು ಪರದೆಯ ನಡುವೆ ಸಣ್ಣದಾಗಿ ಕಾಣುತ್ತಾರೆ, ಮೇಲೆ, ಕೆಳಗೆ, ಎರಡೂ ಬದಿಗೆ ಕಪ್ಪು. ಇನ್ನು ಕೆಲವರದ್ದು ಫೋನ್ ನೆಟ್ಟಗೆ ಹಿಡಿದು ಮಾಡಿದ ರೆಕಾರ್ಡಿಂಗ್, ಅದರಲ್ಲಿ ಗಂಟೆ, ಬ್ಯಾಟರಿ, ಸಿಗ್ನಲ್ ತೋರಿಸುವ ಮೇಲಿನ ಪಟ್ಟಿಯೂ ಬಂದಿದೆ. ಇವೆರಡನ್ನೂ ತೆಗೆಯುವುದು ಹೇಗೆ ಅಂತ ಪಾಲಕರಿಗೆ ಒಂದು ಹಾಳೆ ಬರೆಯುತ್ತಿದ್ದೇನೆ.

ಈಗಾಗಲೇ ಓಡಾಡುತ್ತಿರುವ ಹಳೆಯ ಹಾಳೆಯೊಂದರಲ್ಲಿ "ವಿಡಿಯೊ ಕತ್ತರಿಸಿ" ಅಂತ ಇದೆ. ಅದನ್ನು ಓದಿದವರು ವಿಡಿಯೊದ ಮೊದಲ ಮತ್ತು ಕೊನೆಯ ನಿಮಿಷಗಳನ್ನು ತೆಗೆದು ಕಳಿಸುತ್ತಾರೆ! ಕಪ್ಪು ಹಾಗೇ ಉಳಿದಿರುತ್ತದೆ. ಅವರ ತಪ್ಪಲ್ಲ, ಕತ್ತರಿಸಿ ಅಂದರೆ ಎರಡೂ ಆಗುತ್ತದೆ ಅಲ್ವಾ. ಹಾಗಾಗಿ ಅಂಚು ತೆಗೆಯುವ ಕ್ರಾಪ್‌ಗೆ ಒಂದು ಮಾತು, ಉದ್ದ ಕಡಿಮೆ ಮಾಡುವ ಟ್ರಿಮ್‌ಗೆ ಇನ್ನೊಂದು ಮಾತು ಬೇಕು. ನೀವು ಏನು ಬಳಸುತ್ತೀರಿ?

ಮಂಗಳೂರು, ಕದ್ರಿಯಿಂದ

"ಅಂಚು ಕತ್ತರಿಸು" ಅಂದರೆ ಸಾಕು, ಹೊಸ ಪದ ಯಾಕೆ. ಕೆಲಸವೂ ಸುಲಭ. ವಿಡಿಯೊ ಎಡಿಟ್ ಮಾಡುವ ಆ್ಯಪ್‌ನಲ್ಲಿ ಎರಡು ಬೆರಳಿಟ್ಟು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಮೇಲಿನ ಪಟ್ಟಿ ಚೌಕಟ್ಟಿನ ಹೊರಗೆ ಹೋಗುತ್ತದೆ, ಸೇವ್ ಮಾಡಿ. ನಾನು ಯಾವಾಗಲೂ ಹೀಗೇ ಮಾಡುವುದು. ಅಳತೆ ಗಿಳತೆ ಏನೂ ಬೇಡ.

ಕುಂದಾಪುರದಿಂದ

ನನ್ನದೂ ಇದೇ ಸಮಸ್ಯೆ ಮಾರಾಯ್ರೆ. ಅಮ್ಮನಿಗೆ ತೋರಿಸಲು ಬ್ಯಾಂಕ್ ಆ್ಯಪ್‌ನಲ್ಲಿ ಹಣ ಕಳಿಸುವುದನ್ನು ರೆಕಾರ್ಡ್ ಮಾಡಿದೆ. ನೋಡಿದರೆ ಪೂರ್ತಿ ಕಪ್ಪು, ಮೇಲಿನ ಪಟ್ಟಿ ಮಾತ್ರ ಕಾಣುತ್ತದೆ. ಅಂಚು ಎಷ್ಟು ತೆಗೆದರೂ ಒಳಗೆ ಏನೂ ಇಲ್ಲ. ಎಷ್ಟು ಅಂತ ಕತ್ತರಿಸಬೇಕು?

ಮಣಿಪಾಲದಿಂದ

ಕುಂದಾಪುರದವರದ್ದು ಬೇರೆಯೇ ವಿಷಯ. ಬ್ಯಾಂಕ್ ಆ್ಯಪ್‌ಗಳು ತಮ್ಮ ಪರದೆಯನ್ನು ಯಾರೂ ರೆಕಾರ್ಡ್ ಮಾಡದಂತೆ ತಡೆದಿರುತ್ತವೆ. ಅಲ್ಲಿ ಚಿತ್ರವೇ ದಾಖಲಾಗಿಲ್ಲ, ಹಾಗಾಗಿ ಕಪ್ಪಿನ ಹಿಂದೆ ಹುಡುಕುವುದಕ್ಕೆ ಏನೂ ಇಲ್ಲ. ಅಮ್ಮನಿಗೆ ತೋರಿಸಬೇಕಾದರೆ ಪಕ್ಕದಲ್ಲಿ ಕೂತೇ ತೋರಿಸಬೇಕು.

ಉಡುಪಿಯವರಿಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಆ ಕಪ್ಪು ಎಲ್ಲಿಂದ ಬಂತು ಅಂತ ತಿಳಿದರೆ ಪದವೂ ಸಿಗುತ್ತದೆ.

ಫೋನ್ ನೆಟ್ಟಗಿರುವಾಗ ರೆಕಾರ್ಡಿಂಗ್ ಶುರು ಮಾಡಿ, ಆಮೇಲೆ ಫೋನನ್ನು ಅಡ್ಡ ತಿರುಗಿಸಿದ್ದಾರೆ. ರೆಕಾರ್ಡಿಂಗ್‌ನ ಅಳತೆ ಶುರುವಿನಲ್ಲೇ ನಿಗದಿಯಾಗಿಬಿಡುತ್ತದೆ. ಈಗಿನ ಎಷ್ಟೋ ಫೋನುಗಳಂತೆ ಅದು 1080 ಪಿಕ್ಸೆಲ್ ಅಗಲ, 2400 ಪಿಕ್ಸೆಲ್ ಎತ್ತರ ಅಂತ ಇಟ್ಟುಕೊಳ್ಳಿ. ತಿರುಗಿಸಿದ ಮೇಲೆ ಪರದೆ 2400 ಅಗಲ, 1080 ಎತ್ತರ. ಅದನ್ನು 1080 ಅಗಲದೊಳಗೆ ತುರುಕಬೇಕಾದ್ದರಿಂದ ಫೋನ್ ಇಡೀ ಚಿತ್ರವನ್ನು ಕುಗ್ಗಿಸುತ್ತದೆ. ಉಳಿಯುವುದು 1080 ಅಗಲ, 486 ಎತ್ತರದ ಒಂದು ತುಂಡು. ಅದರ ಮೇಲೆ 957 ಗೆರೆ ಕಪ್ಪು, ಕೆಳಗೂ 957. ಬದಿಗಳ ಕಪ್ಪಿಗೆ ಕಾರಣ ಬೇರೆ. ಗುರುಗಳ ಲ್ಯಾಪ್‌ಟಾಪ್ ಕ್ಯಾಮೆರಾದ ಚಿತ್ರ 16:9, ನಿಮ್ಮ ಫೋನ್ ಅದಕ್ಕಿಂತ ಉದ್ದ. ಆ 486 ಎತ್ತರದಲ್ಲಿ ಗುರುಗಳ ಚಿತ್ರಕ್ಕೆ ಬೇಕಾದ ಅಗಲ 864 ಮಾತ್ರ, ಹಾಗಾಗಿ ಎರಡೂ ಬದಿಗೆ 108ರಷ್ಟು ಕಪ್ಪು ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ವಿಡಿಯೊ ತಿದ್ದುವ ffmpeg ಅನ್ನುವ ತಂತ್ರಾಂಶಕ್ಕೆ ಒಂದೇ ಸಾಲು ಸಾಕು. ಅಗಲ, ಎತ್ತರ, ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಈ ಕ್ರಮದಲ್ಲಿ ಕೊಡಬೇಕು:

```
ffmpeg -i paata.mp4 -vf "crop=864:484:108:958" -crf 18 -c:a copy paata2.mp4
```

486 ಯಾಕಿಲ್ಲ, 957 ಯಾಕಿಲ್ಲ ಅಂತ ಕೇಳಬಹುದು. ಮಾಮೂಲಿ ವಿಡಿಯೊದಲ್ಲಿ ಬಣ್ಣದ ಮಾಹಿತಿ ಎರಡು ಗೆರೆಗೆ ಒಂದರಂತೆ ಇರುತ್ತದೆ, ಹಾಗಾಗಿ ಬೆಸ ಸಂಖ್ಯೆಯಿಂದ ಶುರು ಮಾಡಲು ಆಗುವುದಿಲ್ಲ. 957 ಕೊಟ್ಟರೆ ffmpeg ಏನೂ ಹೇಳದೆ 956ಕ್ಕೆ ಇಳಿಸುತ್ತದೆ. ಆಗ ನೆತ್ತಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿಯುತ್ತದೆ, ಕೆಳಗೆ ಚಿತ್ರದ ಒಂದು ಗೆರೆ ಹೋಗುತ್ತದೆ. ತೆಗೆದ ಮೇಲೂ ಒಂದು ಸಣ್ಣ ಗೆರೆ ಉಳಿದಿದೆ ಅಂತ ಯಾರಾದರೂ ಹೇಳಿದರೆ ಮೊದಲು ಇದನ್ನೇ ನೋಡಿ.

ಕದ್ರಿಯವರ ಉಪಾಯದಿಂದ ಪಟ್ಟಿ ಹೋಗುವುದು ನಿಜ. ಆದರೆ ಹಿಗ್ಗಿಸಿದಾಗ ಮೇಲಿನದ್ದು ಮಾತ್ರ ಹೋಗುವುದಿಲ್ಲ. ನಡುವಿನಿಂದ ಹಿಗ್ಗಿಸಿ ಮೇಲಿನ 100 ಗೆರೆ ಹೊರಗೆ ಹಾಕಿದರೆ ಕೆಳಗಿನ 100 ಗೆರೆಯೂ ಹೋಗುತ್ತದೆ, ಎಡಬಲದಲ್ಲಿ ಸುಮಾರು 45 ಗೆರೆಯೂ ಹೋಗುತ್ತದೆ. ಬೇರೆ ವಿಡಿಯೊಗೆ ಪರವಾಗಿಲ್ಲ. ಹೆಜ್ಜೆ ಪಾಠದಲ್ಲಿ ಕಾಲೇ ಕಾಣದಿದ್ದರೆ ಮಗು ನೋಡುವುದೇನು? ಕ್ರಾಪ್‌ನಲ್ಲಿ ಪ್ರತಿ ಬದಿಯನ್ನೂ ಬೇರೆ ಬೇರೆಯಾಗಿ ಎಷ್ಟು ಬೇಕೋ ಅಷ್ಟೇ ತೆಗೆಯಬಹುದು, ವ್ಯತ್ಯಾಸ ಅದೇ.

ಪದಕ್ಕೆ ನನ್ನ ಸಲಹೆ "ಬದಿ ತೆಗೆ". ನಮ್ಮ ಕಡೆ ಎಲ್ಲರಿಗೂ ಬದಿ ಅಂದರೆ ಅರ್ಥವಾಗುತ್ತದೆ. ಟ್ರಿಮ್‌ಗೆ "ಉದ್ದ ಕಡಿಮೆ ಮಾಡು".

ಕದ್ರಿಯಿಂದ

ಎಡಬಲ ಹೋಗುವುದನ್ನು ನಾನು ಗಮನಿಸಿರಲಿಲ್ಲ, ಸರಿ. ಆದರೆ "ಬದಿ ತೆಗೆ" ಅಂದರೆ ಎಡಬಲ ಮಾತ್ರ ಅಂತ ಆಗುವುದಿಲ್ಲವೇ? ಮೇಲಿನ ಪಟ್ಟಿಗೆ ಯಾರೂ ಬದಿ ಅನ್ನುವುದಿಲ್ಲ. ಅಂಚು ಅಂದರೆ ಸುತ್ತ ನಾಲ್ಕೂ ಕಡೆ. ನನ್ನ ಓಟು ಅದಕ್ಕೇ.

ಇನ್ನೊಂದು. ffmpegನಲ್ಲಿ ಇದನ್ನು ತಾನೇ ಹುಡುಕುವ cropdetect ಇದೆಯಂತೆ. ಅದಕ್ಕೆ ಕೊಟ್ಟರೆ ಮೇಲಿನ ಪಟ್ಟಿ, ಕಪ್ಪು ಎರಡನ್ನೂ ಹುಡುಕಿ ಕೊಡುತ್ತದೆ ಅಲ್ವಾ? ಮತ್ತೆ ಈ ಲೆಕ್ಕ ಯಾಕೆ?

ಮಣಿಪಾಲದಿಂದ

ಕಪ್ಪನ್ನು ಹುಡುಕುತ್ತದೆ, ಪಟ್ಟಿಯನ್ನು ಹುಡುಕುವುದಿಲ್ಲ. ಅದಕ್ಕೆ ಗೊತ್ತಿರುವುದು ಕತ್ತಲೆ, ಬೆಳಕು ಎರಡೇ. ಮೇಲಿನ ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ಗಂಟೆ ಇದ್ದರೆ ಅದೂ ಚಿತ್ರವೇ ಅಂತ ಉಳಿಸಿಕೊಳ್ಳುತ್ತದೆ. ನಡುವೆ ಇಪ್ಪತ್ತು ಸೆಕೆಂಡಿಗೆ ಹೀಗೆ ಓಡಿಸಿ ನೋಡಬಹುದು:

```
ffmpeg -ss 60 -t 20 -i paata.mp4 -vf cropdetect=round=2 -f null -
```

ಕೊನೆಯಲ್ಲಿ ಬರುವ `crop=` ಸಾಲನ್ನು ತೆಗೆದುಕೊಳ್ಳಿ. `round=2` ಬಿಡಬೇಡಿ. ಬಿಟ್ಟರೆ ಅದು ಅಳತೆಯನ್ನು 16ರ ಗುಣಕಕ್ಕೆ ಇಳಿಸುತ್ತದೆ, 484 ಇರಬೇಕಾದಲ್ಲಿ 480 ಬರುತ್ತದೆ, ಸುಮ್ನೆ ನಾಲ್ಕು ಗೆರೆ ನಷ್ಟ.

ಒಂದು ಕಡೆ ಜಾಗ್ರತೆ ಬೇಕು. ಈ ಹುಡುಕಾಟ ಒಮ್ಮೆ ಕಂಡ ಬೆಳಕನ್ನು ಮರೆಯುವುದಿಲ್ಲ. ಪಾಠದ ನಡುವೆ ಯಾರೋ ಧ್ವನಿ ಜಾಸ್ತಿ ಮಾಡಿದರು, ಬಲಬದಿಯ ಕಪ್ಪಿನ ಮೇಲೆ ವಾಲ್ಯೂಮಿನ ಪಟ್ಟಿ ಒಂದು ಕ್ಷಣ ಬಂದು ಹೋಯಿತು ಅಂತಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಬಲಬದಿಯ ಕಪ್ಪನ್ನೂ ಚಿತ್ರ ಅಂತಲೇ ಎಣಿಸುತ್ತದೆ. ಎಡಕ್ಕೆ 108 ಹೋಗಿ ಬಲಕ್ಕೆ ಅದಕ್ಕಿಂತ ತುಂಬಾ ಕಡಿಮೆ ಹೋಗಿದ್ದರೆ ಇದೇ ಕಾರಣ ಇರಬಹುದು, ಬೇರೆ ಇಪ್ಪತ್ತು ಸೆಕೆಂಡು ಆರಿಸಿ ನೋಡಿ. ತದ್ವಿರುದ್ಧವೂ ಆಗುತ್ತದೆ. ಗುರುಗಳ ಹಿಂದೆ ಕಪ್ಪು ಪರದೆ ಇದ್ದು ಬೆಳಕು ಕಡಿಮೆ ಇದ್ದರೆ, ಆ ಪರದೆಯನ್ನೂ ಅಂಚು ಅಂತ ತಿಳಿದು ಒಳಗಿನ ಚಿತ್ರವನ್ನೇ ತೆಗೆಯಲು ಹೇಳುತ್ತದೆ. ಗುರುಗಳು ಕೈ ಚಾಚಿದಾಗ ಬೆರಳು ಮಾಯವಾದರೆ ಗೊತ್ತಾಗುತ್ತದೆ.

ಮೇಲಿನ ಪಟ್ಟಿಗೆ ಕೈಯಳತೆಯೇ ಸರಿ. ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದು ಪಟ್ಟಿ ಎಷ್ಟನೇ ಗೆರೆಗೆ ಮುಗಿಯುತ್ತದೆ ನೋಡಿ. 96 ಅಂತ ಬಂದರೆ `crop=1080:2304:0:96`. ಫೋನಿಂದ ಫೋನಿಗೆ ಇದು ಬೇರೆ, ಮುಂದಿನ ಕ್ಯಾಮೆರಾದ ತೂತು ಇರುವ ಫೋನಿನಲ್ಲಿ ಪಟ್ಟಿ ದಪ್ಪ ಇರುವುದೇ ಜಾಸ್ತಿ. ರೆಕಾರ್ಡಿಂಗ್ 720 ಅಗಲದಲ್ಲಿ ಆಗಿದ್ದರೆ ಆ 96 ಅಲ್ಲಿ 64 ಆಗುತ್ತದೆ, ಫೈಲಿನ ಅಳತೆ ಮೊದಲು ನೋಡಿಕೊಳ್ಳಿ. ಮೇಲಿನಿಂದ ಇಳಿದು ಬಂದ ಮೆಸೇಜ್ ಮಾತ್ರ ಇದರಿಂದ ಹೋಗುವುದಿಲ್ಲ. ಅದು ಚಿತ್ರದ ಮೇಲೇ ಕೂತಿರುತ್ತದೆ. ರೆಕಾರ್ಡ್ ಮಾಡುವ ಮೊದಲೇ ಅದನ್ನು ಬಂದ್ ಮಾಡಬೇಕು.

ಉಡುಪಿಯಿಂದ

ತುಂಬಾ ಉಪಕಾರವಾಯಿತು ಸರ್. ಪಾಲಕರಲ್ಲಿ ಕಂಪ್ಯೂಟರ್ ಇರುವವರು ಕಡಿಮೆ. ಅವರಿಗೆ ಗೂಗಲ್ ಫೋಟೋಸ್‌ನಲ್ಲಿ ಎಡಿಟ್ ಒತ್ತಿ, ಕ್ರಾಪ್ ಗುರುತು ಆರಿಸಿ, ಮೂಲೆ ಎಳೆಯಲು ಬರೆದಿದ್ದೇನೆ. ಐಫೋನಿನವರಿಗೆ ಅದರದ್ದೇ ಫೋಟೋಸ್‌ನಲ್ಲಿ ಹೀಗೇ ಆಗುತ್ತದೆ.

ಎರಡು ಪ್ರಶ್ನೆ ಉಳಿದಿದೆ. ಒಂದು, ಬದಿ ತೆಗೆದ ಪಾಠ ಟಿವಿಯಲ್ಲಿ ಮಬ್ಬಾಗಿ ಕಾಣುತ್ತದೆ. ಎರಡು, ನೆಟ್ಟಗೆ ಮಾಡಿದ ರೆಕಾರ್ಡಿಂಗ್‌ನಿಂದ ಮೇಲಿನ ಪಟ್ಟಿ ಹೋಯಿತು, ಆದರೆ ಟಿವಿಗೆ ಹಾಕಿದ ಕೂಡಲೇ ಎಡಬಲಕ್ಕೆ ಮತ್ತೆ ಕಪ್ಪು ಬಂತು. ಸರಿಯಾಗಿ ತೆಗೆದಿಲ್ಲವೇ?

ಮಣಿಪಾಲದಿಂದ

ಎರಡನೆಯದು ಮೊದಲು. ಆ ಕಪ್ಪು ಫೈಲಿನಲ್ಲಿ ಇಲ್ಲ. ಎತ್ತರದ ಚಿತ್ರವನ್ನು ಅಗಲದ ಟಿವಿಯಲ್ಲಿ ಇಟ್ಟಾಗ ಖಾಲಿ ಉಳಿದ ಜಾಗವನ್ನು ಟಿವಿ ತಾನೇ ಕಪ್ಪಾಗಿ ತೋರಿಸುತ್ತದೆ. ಫೈಲಿನ ವಿವರದಲ್ಲಿ 1080 × 2304 ಅಂತ ಇದ್ದು, ಫೋನಿನಲ್ಲಿ ನೆಟ್ಟಗೆ ನೋಡುವಾಗ ಚಿತ್ರ ಅಗಲ ತುಂಬುತ್ತಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಇದನ್ನು ಹೋಗಲಾಡಿಸಲು ಹೊರಟರೆ ಗುರುಗಳ ತಲೆ, ಕಾಲು ಎರಡೂ ಹೋಗುತ್ತವೆ. ಹಾಳೆಯಲ್ಲಿ ಈ ಎರಡು ಕಪ್ಪನ್ನು ಬೇರೆ ಬೇರೆಯಾಗಿಯೇ ಬರೆಯಿರಿ, "ವಿಡಿಯೊದ ಕಪ್ಪು", "ಟಿವಿಯ ಕಪ್ಪು" ಅಂತ. ಕ್ರಾಪ್‌ಗೆ ಪದ ಹುಡುಕುವುದಕ್ಕಿಂತ ಇದು ಜಾಸ್ತಿ ಮುಖ್ಯ ಅಂತ ನನಗೆ ಅನಿಸುತ್ತದೆ.

ಮಬ್ಬಿಗೆ ಈಗ ಮದ್ದಿಲ್ಲ. ಫೋನ್ ಚಿತ್ರವನ್ನು ಕುಗ್ಗಿಸಿದಾಗಲೇ ವಿವರ ಹೋಯಿತು, 864 ಅಗಲದ ಚಿತ್ರವನ್ನು ಟಿವಿ 1920ಕ್ಕೆ ಹಿಗ್ಗಿಸುತ್ತಿದೆ. ಮುಂದಿನ ಪಾಠಕ್ಕೆ ಮೊದಲು ಫೋನನ್ನು ಅಡ್ಡ ತಿರುಗಿಸಿ, ವಿಡಿಯೊ ಕರೆಯೂ ಅಡ್ಡ ತಿರುಗಿದೆ ಅಂತ ನೋಡಿಕೊಂಡು, ಆಮೇಲೆ ರೆಕಾರ್ಡ್ ಒತ್ತಲಿ. ಹೆಚ್ಚಿನ ಫೋನಿನಲ್ಲಿ ಆಗ 2400 × 1080 ಸಿಗುತ್ತದೆ, ಕಪ್ಪು ಎಡಬಲಕ್ಕೆ 240ರಷ್ಟು ಮಾತ್ರ, `crop=1920:1080:240:0` ಕೊಟ್ಟರೆ ಟಿವಿಯ ತುಂಬ ಬರುತ್ತದೆ.

ಕುಂದಾಪುರದಿಂದ

ಅಮ್ಮನಿಗೆ ಪಕ್ಕದಲ್ಲಿ ಕೂತೇ ಹೇಳಿಕೊಟ್ಟೆ, ಆಯಿತು. ಪದದ ಬಗ್ಗೆ: ನಮ್ಮ ಮನೆಯಲ್ಲಿ ಎಲ್ಲರೂ ಕ್ರಾಪ್ ಅಂತಲೇ ಹೇಳುವುದು. ಫೋನಿನಲ್ಲೂ ಅದೇ ಕಾಣುತ್ತದೆ. ಹಾಳೆಯಲ್ಲಿ ಬದಿ ಅಂತ ಓದಿ ಫೋನಿನಲ್ಲಿ ಬದಿ ಹುಡುಕಿದರೆ ಸಿಗುತ್ತದಾ?

ಉಡುಪಿಯಿಂದ

ಅದೂ ಹೌದು. ಸದ್ಯಕ್ಕೆ "ಕ್ರಾಪ್ ಒತ್ತಿ ಅಂಚು ತೆಗೆಯಿರಿ" ಅಂತ ಬರೆದಿದ್ದೇನೆ, ಟ್ರಿಮ್‌ಗೆ ಮಣಿಪಾಲದವರ ಮಾತನ್ನೇ ಇಟ್ಟಿದ್ದೇನೆ. "ಟಿವಿಯ ಕಪ್ಪು" ಕೂಡ ಸೇರಿಸಿದೆ. ಮೇಲಿನ ಪಟ್ಟಿಗೆ "ಮೇಲ್ಪಟ್ಟಿ" ಅಂದರೆ ಹೇಗೆ? ಕೆಲವು ಫೋನುಗಳಲ್ಲಿ ಕೆಳಗೆ ಹಿಂದೆ ಹೋಗುವ ಮೂರು ಗುರುತುಗಳ ಪಟ್ಟಿಯೂ ಬರುತ್ತದೆ, ಅದನ್ನೂ ತೆಗೆಯಬೇಕು, ಅದಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ.