ಕ್ಲೀನ್ ಮಾಡಿಸಿದ ಮೇಲೆ ಮುಟ್ಟು ನಿಂತಂತಾಗಿದೆ: ಗರ್ಭಕೋಶದ ಅಂಟಿನ ಬಗ್ಗೆ ಪ್ರಶ್ನೋತ್ತರ

ಹಾಸನದ ಸದಸ್ಯೆ: ಮೇಡಂ, ಹೆರಿಗೆಯಾಗಿ ಮೂರು ವಾರವಾದರೂ ರಕ್ತ ನಿಲ್ಲಲಿಲ್ಲ. ಮಾಸಿನ ಚೂರು ಉಳಿದಿದೆ ಅಂತ ಕ್ಲೀನ್ ಮಾಡಿದರು. ಈಗ ಮಗುವಿಗೆ ಹನ್ನೊಂದು ತಿಂಗಳು, ಇನ್ನೂ ಹಾಲು ಕುಡಿಯುತ್ತಾನೆ. ನಾಲ್ಕು ತಿಂಗಳಿಂದ ಮುಟ್ಟು ಬರೀ ಕಲೆ ಕಂಡಷ್ಟು. ಆದರೆ ಪ್ರತಿ ತಿಂಗಳೂ ಮೂರು ದಿನ ಕಿಬ್ಬೊಟ್ಟೆ ಹಿಂಡುತ್ತದೆ. ಹಾರ್ಮೋನ್ ರಿಪೋರ್ಟ್ ನಾರ್ಮಲ್. ಹಿಸ್ಟರೋಸ್ಕೋಪಿ ಮಾಡಿಸಲೇಬೇಕಾ?

ಡಾಕ್ಟರ್: ಮಾಡಿಸಿ. ಹಾಲು ಕುಡಿಸುವಾಗ ಮುಟ್ಟು ಕಮ್ಮಿಯಾಗುವುದು ಸಹಜ, ಅದಕ್ಕೇ ಎಷ್ಟೋ ಜನ ಸುಮ್ಮನಿದ್ದುಬಿಡುತ್ತಾರೆ. ಆದರೆ ಆಗ ಅಂಡಾಶಯವೇ ನಿದ್ದೆಯಲ್ಲಿರುತ್ತದೆ, ಹೀಗೆ ತಿಂಗಳು ತಪ್ಪದೆ ನೋವು ಬರುವುದಿಲ್ಲ. ನಿಮಗೆ ಅಂಡಾಶಯ ಕೆಲಸ ಮಾಡುತ್ತಿದೆ, ರಕ್ತವೂ ಒಂದಿಷ್ಟು ಕೂಡುತ್ತಿದೆ, ಹೊರಬರುವ ದಾರಿ ಮಾತ್ರ ಕಟ್ಟಿದಂತಿದೆ.

ಗರ್ಭಕೋಶದ ಒಳಪದರದಲ್ಲಿ ಮೇಲಿನ ಭಾಗ ಪ್ರತಿ ಮುಟ್ಟಿಗೂ ಉದುರುತ್ತದೆ, ತಳದ ಭಾಗದಿಂದ ಮತ್ತೆ ಬೆಳೆಯುತ್ತದೆ. ಹೆರಿಗೆಯಾದ ಮೊದಲ ನಾಲ್ಕು ವಾರ ಗೋಡೆ ತೀರಾ ಮೆತ್ತಗಿರುತ್ತದೆ. ಆಗ ಕ್ಯೂರೆಟ್ಟಿನಲ್ಲಿ ಕೆರೆದರೆ ತಳವೂ ಎದ್ದು ಬರಬಹುದು. ಎದುರುಬದುರಿನ ಎರಡು ಹಸಿ ಗೋಡೆಗಳು ತಾಗಿಕೊಂಡು ನಾರುಗಟ್ಟುತ್ತವೆ. 1948ರಲ್ಲಿ ಇದನ್ನು ವಿವರವಾಗಿ ಬರೆದವರು ಆಶರ್ಮನ್ ಎಂಬ ವೈದ್ಯರು. ರಿಪೋರ್ಟಿನಲ್ಲಿ ಅದೇ ಹೆಸರು ಕಾಣುತ್ತೀರಿ.

ಹಿಸ್ಟರೋಸ್ಕೋಪಿಗೆ ಹೊಟ್ಟೆ ಕೊಯ್ಯುವುದಿಲ್ಲ. ಸುಮಾರು 3 ಮಿ.ಮೀ. ದಪ್ಪದ ಸ್ಕೋಪನ್ನು ಕೆಳದಾರಿಯಿಂದಲೇ ಒಳಬಿಟ್ಟು, ಸಲೈನ್ ಹರಿಸಿ ಜಾಗ ಬಿಡಿಸಿ ನೋಡುತ್ತೇವೆ. ಸರಿಯಿರುವ ಗರ್ಭಕೋಶ ತಲೆಕೆಳಗಾದ ತ್ರಿಕೋನದ ಕೋಣೆಯಂತೆ ಕಾಣುತ್ತದೆ, ಮೇಲಿನ ಎರಡು ಮೂಲೆಗಳಲ್ಲಿ ಅಂಡನಾಳಗಳ ಬಾಯಿ ಇರುತ್ತದೆ. ಅಂಟಿದ್ದರೆ ನಡುವೆ ಬಿಳಿ ಕಂಬ, ಇಲ್ಲವೇ ಅಡ್ಡ ಪರದೆ. ಎಳೆಯ ಅಂಟು ಜೇಡರ ಬಲೆಯಂತಿರುತ್ತದೆ, ಸ್ಕೋಪಿನ ತುದಿ ಮುಟ್ಟಿದರೇ ಬಿಡುತ್ತದೆ. ಹಳೆಯದು ಹೊಳೆಯುವ ಬಿಳಿ ನಾರು, ಅದಕ್ಕೆ ಕತ್ತರಿ ಬೇಕು. ತಡ ಮಾಡಬೇಡಿ ಅನ್ನುವುದು ಅದಕ್ಕೇ.

ಕರೆಂಟ್ ಬೇಡ, ತಣ್ಣನೆ ಕತ್ತರಿಯಲ್ಲೇ ಬಿಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಉಳಿದಿರುವ ಅಷ್ಟಿಷ್ಟು ಒಳ್ಳೆಯ ಪದರ ಬಿಸಿಗೆ ಸುಡಬಾರದು. ಕೆಳಗಿನಿಂದ ಮೇಲಕ್ಕೆ, ನಡುವಿನಿಂದ ಬದಿಗೆ ಹೋಗಬೇಕು. ಎರಡೂ ನಾಳಗಳ ಬಾಯಿ ಕಂಡರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು. ಕೋಣೆಯ ಗುರುತೇ ಸಿಗದಿದ್ದಾಗ ಮೂತ್ರಚೀಲ ತುಂಬಿಸಿ, ಹೊಟ್ಟೆಯ ಮೇಲಿಂದ ಸ್ಕ್ಯಾನ್ ನೋಡುತ್ತಾ ಕತ್ತರಿಸಬೇಕು, ಇಲ್ಲದಿದ್ದರೆ ಗೋಡೆ ತೂತಾಗುತ್ತದೆ. ತೂತಾದರೆ ಉಬ್ಬಿದ್ದ ಕೋಣೆ ಒಮ್ಮೆಲೇ ಕುಸಿಯುತ್ತದೆ, ಒಳಬಿಟ್ಟ ಸಲೈನ್ ವಾಪಸ್ ಬರುವುದಿಲ್ಲ. ಹೋದದ್ದೆಷ್ಟು, ಬಂದದ್ದೆಷ್ಟು ಅಂತ ಸಿಸ್ಟರ್ ಒಬ್ಬರು ಲೆಕ್ಕ ಇಡಬೇಕು. ಆರೋಗ್ಯವಂತರಲ್ಲೂ ವ್ಯತ್ಯಾಸ 2.5 ಲೀಟರ್ ಮುಟ್ಟಿದರೆ ಅಲ್ಲಿಗೇ ನಿಲ್ಲಿಸುವುದು ನಿಯಮ. ಹೋಗುವ ಮೊದಲು ಇವೆರಡನ್ನೂ ಕೇಳಿ: ಸ್ಕ್ಯಾನ್ ಇಟ್ಟುಕೊಂಡು ಮಾಡ್ತೀರಾ? ಮತ್ತೆ ಯಾವಾಗ ಒಳಗೆ ನೋಡ್ತೀರಾ?

ತುಮಕೂರಿನ ಸದಸ್ಯೆ: ನನಗೂ ಮುಟ್ಟು ಕಮ್ಮಿ. ಇದೇ ಇರಬಹುದಾ?

ಡಾಕ್ಟರ್: ಕ್ಲೀನ್, ಸಿಸೇರಿಯನ್, ಗಡ್ಡೆ ತೆಗೆಸಿದ್ದು, ಇನ್ಫೆಕ್ಷನ್ ಏನಾದರೂ ಆಗಿತ್ತಾ? ಇಲ್ಲದಿದ್ದರೆ ಮೊದಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡಿಸಿ.

ನರ್ಸಿಂಗ್ ಸ್ಟಾಫ್, ದಾವಣಗೆರೆ: ಬಿಡಿಸಿದ ಮೇಲೆ ಮೂರು ತಿಂಗಳು ಕಾಪರ್ ಟಿ ಹಾಕಲೇಬೇಕು, ಇಲ್ಲ ಅಂದ್ರೆ ಮತ್ತೆ ಅಂಟುತ್ತೆ.

ಡಾಕ್ಟರ್: ಮತ್ತೆ ಅಂಟುತ್ತದೆ ಅನ್ನುವುದು ಸರಿ, ದೊಡ್ಡ ತಲೆನೋವೇ ಅದು. ಕಾಪರ್ ಟಿ ಮಾತ್ರ ಸರಿಯಲ್ಲ. ತಾಮ್ರ ಉರಿಯೂತ ಎಬ್ಬಿಸುತ್ತದೆ, ಟಿ ಆಕಾರ ಎರಡು ಗೋಡೆಗಳನ್ನು ದೂರ ಇಡುವಷ್ಟು ಅಗಲವೂ ಇಲ್ಲ. ನಾನು ಐದರಿಂದ ಏಳು ದಿನ ಬಲೂನ್ ಇಡುತ್ತೇನೆ. ತ್ರಿಕೋನದ ಬಲೂನ್ ಸಿಗದಿದ್ದರೆ ಮಕ್ಕಳಿಗೆ ಮೂತ್ರ ತೆಗೆಯಲು ಹಾಕುವ ಫೋಲಿ ಕ್ಯಾತಿಟರಿನ ಬಲೂನಿಗೆ 3 ಮಿ.ಲೀ. ನೀರು ತುಂಬಿ ಇಡುತ್ತೇನೆ. ಜಾಸ್ತಿ ತುಂಬಿದರೆ ಗೋಡೆಗೆ ರಕ್ತ ಹೋಗದೆ ಪದರ ಬೆಳೆಯುವುದಿಲ್ಲ. ಆಮೇಲೆ ಮೂರು ನಾಲ್ಕು ವಾರ ಈಸ್ಟ್ರೋಜನ್ ಮಾತ್ರೆ, ಕೊನೆಯ ಹತ್ತು ದಿನ ಜೊತೆಗೆ ಪ್ರೊಜೆಸ್ಟೆರಾನ್. ಹಾಸನದವರೇ, ಈಸ್ಟ್ರೋಜನ್ ಹಾಲು ಕಮ್ಮಿ ಮಾಡಬಹುದು, ಹಾಲು ಕುಡಿಸುವ ವಿಷಯ ನಿಮ್ಮ ಡಾಕ್ಟರಿಗೆ ಹೇಳಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದ ಚರಿತ್ರೆಯಿದ್ದರೂ ಹೇಳಿ.

ಗೈನಕಾಲಜಿಸ್ಟ್, ಮಂಗಳೂರು: ಮೇಡಂ, ತೆಳು ಅಂಟಿಗೆ ಈಸ್ಟ್ರೋಜನ್ನೇ ಬೇಡ. ಅಂಡಾಶಯ ಸರಿಯಿದೆಯಲ್ಲ, ಬೇಕಾದಷ್ಟು ಅದೇ ಕೊಡುತ್ತದೆ. ಬಲೂನ್ ಬದಲು ನಾನು ಗೋಡೆಗಳು ತಾಗದಂತೆ ಹಯಲ್ಯುರಾನಿಕ್ ಜೆಲ್ ಬಿಡುತ್ತೇನೆ. ಬಲೂನಿನಿಂದ ಇನ್ಫೆಕ್ಷನ್ ಆದರೆ ಯಾರು ಹೊಣೆ?

ಡಾಕ್ಟರ್: ತೆಳು ಅಂಟಿಗೆ ಒಪ್ಪುತ್ತೇನೆ. ಕೋಣೆಯೇ ಮುಚ್ಚಿಹೋದವರಿಗೆ ಜೆಲ್ ಒಂದನ್ನೇ ನಂಬುವ ಧೈರ್ಯ ನನಗಿಲ್ಲ.

ಗೈನಕಾಲಜಿಸ್ಟ್, ಮಂಗಳೂರು: ಧೈರ್ಯದ ಪ್ರಶ್ನೆ ಅಲ್ಲ, ಪುರಾವೆಯದು.

ಡಾಕ್ಟರ್: ಪುರಾವೆ ಎರಡೂ ಕಡೆ ಸಾಲದು. ಹಾಗಾಗಿಯೇ ಯಾವುದು ಹಾಕಿದರೂ ಕೆಲವು ವಾರದಲ್ಲಿ ಮತ್ತೊಮ್ಮೆ ಸ್ಕೋಪ್ ಹಾಕಿ ನೋಡಬೇಕು. ಆಗ ಸಿಗುವ ಹೊಸ ಅಂಟು ಇನ್ನೂ ಎಳೆಯದು, ಸುಲಭವಾಗಿ ಬಿಡುತ್ತದೆ.

ಶಿರಸಿಯ ಸದಸ್ಯೆ: ವಾಟ್ಸಾಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: ಅಶೋಕದ ಚಕ್ಕೆ, ಕರಿಎಳ್ಳು, ಬೆಲ್ಲದ ಕಷಾಯ 21 ದಿನ, ಕಿಬ್ಬೊಟ್ಟೆಗೆ ಹರಳೆಣ್ಣೆ ಪಟ್ಟು. ಅಂಟು ಕರಗಿ ಮುಟ್ಟು ಧಾರಾಳವಾಗಿ ಬರುತ್ತದೆ.

ಡಾಕ್ಟರ್: ದಯವಿಟ್ಟು ಇದನ್ನು ಹಂಚಬೇಡಿ. ಹೊಟ್ಟೆಯ ಚರ್ಮಕ್ಕೆ ಹಚ್ಚಿದ ಎಣ್ಣೆ ಗರ್ಭಕೋಶದ ಒಳಗಿನ ನಾರನ್ನು ಕರಗಿಸುವುದಿಲ್ಲ. ಮುಟ್ಟು ತರಿಸುತ್ತದೆ ಅನ್ನುವ ಕಷಾಯ ಒಂದು ವೇಳೆ ಕೆಲಸ ಮಾಡಿದರೂ, ಬಾಯಿ ಕಟ್ಟಿದ ಗರ್ಭಕೋಶದಲ್ಲಿ ರಕ್ತ ಒಳಗೇ ತುಂಬಿ ನೋವು ಹೆಚ್ಚುತ್ತದೆ. ಗರ್ಭಿಣಿಯಾಗಿದ್ದು ಗೊತ್ತಿಲ್ಲದೆ ಕುಡಿದವರ ಗತಿ?

ಶಿರಸಿಯ ಸದಸ್ಯೆ: ನಮ್ಮ ಅಜ್ಜಿಯಂದಿರು ಇದೆಲ್ಲ ಮಾಡಿಯೇ ಹತ್ತು ಹೆತ್ತರು.

ತುಮಕೂರಿನ ಸದಸ್ಯೆ: ಅಜ್ಜಿಯರಿಗೆ ಹೀಗೆ ಕೆರೆಯುವ ಡಿ ಅಂಡ್ ಸಿ ಎಲ್ಲಿ ಮಾಡಿದ್ರು ಅಕ್ಕಾ?

ಶಿರಸಿಯ ಸದಸ್ಯೆ: ಇಂಗ್ಲಿಷ್ ಡಾಕ್ಟರೇ ಕೆರೆದು ಹಾಳು ಮಾಡಿದ್ದಲ್ಲವೇ? ಆಮೇಲೆ ಬಿಡಿಸಲಿಕ್ಕೂ ಅವರಿಗೇ ದುಡ್ಡು.

ಡಾಕ್ಟರ್: ಮೊದಲ ಮಾತು ನಿಜ, ಮುಚ್ಚಿಡುವುದಿಲ್ಲ. ಕುರುಡಾಗಿ ಕೆರೆಯುವುದನ್ನು ಕಮ್ಮಿ ಮಾಡಬೇಕು. ಗರ್ಭಪಾತದ ನಂತರ ಚೂರು ಉಳಿದರೆ ಹಲವರಿಗೆ ಮಾತ್ರೆ ಸಾಕಾಗುತ್ತದೆ. ಸಾಲದಿದ್ದರೆ ಸಕ್ಷನ್, ಇಲ್ಲವೇ ಸ್ಕೋಪಿನಲ್ಲಿ ಕಣ್ಣಾರೆ ನೋಡಿ ಅಷ್ಟನ್ನೇ ತೆಗೆಯಬಹುದು. ಎರಡನೇ ಮಾತಿಗೆ ಉತ್ತರಿಸುವುದಿಲ್ಲ.

ಕಲಬುರಗಿಯ ಸದಸ್ಯೆ: ನನಗ ಯಾವ ಆಪರೇಷನ್ನೂ ಆಗಿಲ್ರಿ. ಮದುವಿ ಆಗಿ ನಾಕು ವರ್ಷ. ಮುಟ್ಟು ವರ್ಷಾ ವರ್ಷಾ ಕಮ್ಮಿ ಆಗಿ ಈಗ ಪೂರ್ತಿ ನಿಂತದ. ರಕ್ತದಾಗ ಟಿಬಿ ಆಂಟಿಬಾಡಿ ಪಾಸಿಟಿವ್ ಬಂದದ. ಅಂಟು ಬಿಡಿಸಿದರ ಸರಿ ಆಗ್ತದೇನ್ರಿ?

ಡಾಕ್ಟರ್: ನಿಮ್ಮದೇ ನನಗೆ ಹೆಚ್ಚು ಚಿಂತೆ. ಆ ಆಂಟಿಬಾಡಿ ಟೆಸ್ಟನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ, ಅದನ್ನು ನಂಬಿ ಮಾತ್ರೆ ಶುರು ಮಾಡಬೇಡಿ. ಹಾಗಂತ ಟಿಬಿ ಇಲ್ಲ ಅಂತಲ್ಲ. ಗರ್ಭಕೋಶದ ಟಿಬಿ ಕೆಮ್ಮು, ಜ್ವರ ಏನೂ ಇಲ್ಲದೆ ಪದರವನ್ನು ತಿನ್ನಬಲ್ಲದು. ಒಳಪದರದ ಚೂರು ತೆಗೆದು ಎರಡು ಭಾಗ ಮಾಡಬೇಕು. ಬಯಾಪ್ಸಿಗೆ ಹೋಗುವುದು ಫಾರ್ಮಲಿನ್‌ನಲ್ಲಿ, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್‌ಗೆ, ರೋಗಾಣು ಬೆಳೆಸಿ ನೋಡುವ ಕಲ್ಚರಿಗೆ ಹೋಗುವುದು ಸಲೈನಿನಲ್ಲಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್ ಆಗುವುದೇ ಇಲ್ಲ, ಈ ತಪ್ಪು ಬಹಳ ಕಡೆ ಆಗುತ್ತದೆ. ಟಿಬಿ ಸಿಕ್ಕರೆ ಆರು ತಿಂಗಳ ಮಾತ್ರೆ ಮೊದಲು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಂಟು ಬಿಡಿಸುವುದು ಆಮೇಲೆ. ಟಿಬಿಯ ಅಂಟು ದಪ್ಪ, ಮತ್ತೆ ಮತ್ತೆ ಕೂಡುತ್ತದೆ, ತಳವೇ ಹೋಗಿದ್ದರೆ ದಾರಿ ಬಿಡಿಸಿದರೂ ಪದರ ಬರುವುದಿಲ್ಲ. ಸುಳ್ಳು ಭರವಸೆ ಕೊಡಲಾರೆ.

ಮೈಸೂರಿನ ಸದಸ್ಯ: ಟಿಬಿ ಶ್ವಾಸಕೋಶದ ಕಾಯಿಲೆ. ಸುಮ್ಮನೆ ಹೆದರಿಸಬೇಡಿ.

ನರ್ಸಿಂಗ್ ಸ್ಟಾಫ್, ದಾವಣಗೆರೆ: ಸರ್, ಗೊತ್ತಿಲ್ಲದಿದ್ದರೆ ಸುಮ್ಮನಿರಿ. ಆ ಹೆಣ್ಣುಮಗಳು ಓದ್ತಿದ್ದಾರೆ.

ಉಡುಪಿಯ ಸದಸ್ಯೆ: ಹಿಸ್ಟರೋಸ್ಕೋಪಿಗೆ ಎಷ್ಟು ಖರ್ಚಾಗ್ತದೆ? ನಮ್ಮದೇ ರಕ್ತದ ಪ್ಲೇಟ್‌ಲೆಟ್ ತೆಗೆದು ಕೊಡುವ ಪಿಆರ್‌ಪಿ ಇಂಜೆಕ್ಷನ್ ಒಳ್ಳೇದಾ?

ಬಳ್ಳಾರಿಯ ಸದಸ್ಯೆ: ಮೇಡಂ ಮುಟ್ಟು ಕಮ್ಮಿ ಬರ್ತಿದೆ, ಅಂಟು ಇರಬಹುದಾ?

ಡಾಕ್ಟರ್: ಮೇಲೆ ಓದಿ.

ಹಾಸನದ ಸದಸ್ಯೆ: ಮುಂದಿನ ಬುಧವಾರ ದಿನ ಕೊಟ್ಟಿದ್ದಾರೆ, ಸ್ಕ್ಯಾನ್ ಇಟ್ಟುಕೊಂಡೇ ಮಾಡ್ತಾರಂತೆ. ಆಮೇಲೆ ಇನ್ನೊಂದು ಮಗು ಆಗಬಹುದಾ?

ಡಾಕ್ಟರ್: ಮುಟ್ಟು ಮೊದಲಿನ ಹಾಗೆ ಬಂದರೆ, ಎರಡನೇ ಸಲ ನೋಡಿದಾಗ ಕೋಣೆ ಖಾಲಿಯಿದ್ದರೆ, ಪ್ರಯತ್ನಿಸಬಹುದು. ಗರ್ಭ ನಿಂತ ಮೇಲೆ ಈ ಚರಿತ್ರೆಯನ್ನು ಯಾರ ಹತ್ತಿರವೂ ಮುಚ್ಚಿಡಬೇಡಿ. ಪದರ ಹರಿದ ಜಾಗದಲ್ಲಿ ಮಾಸು ಸ್ನಾಯುವಿಗೇ ಬೇರು ಬಿಡಬಹುದು, ಹೆರಿಗೆಯಲ್ಲಿ ಅದು ಬಿಡಿಸಿಕೊಳ್ಳದೆ ವಿಪರೀತ ರಕ್ತ ಹೋಗುತ್ತದೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಎಲ್ಲಿ, ಹೇಗೆ ಕೂತಿದೆ ಅಂತ ವಿಶೇಷವಾಗಿ ನೋಡಲು ಹೇಳಿ. ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿ.

ಶಿರಸಿಯ ಸದಸ್ಯೆ: ಕಷಾಯದ ಅಳತೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಡಾಕ್ಟರ್: ಅಡ್ಮಿನ್, ಇದನ್ನು ಅಳಿಸಿ. ಕಲಬುರಗಿಯವರೇ, ಬಯಾಪ್ಸಿ ರಿಪೋರ್ಟ್ ಬಂದ ದಿನವೇ ಇಲ್ಲಿ ಹಾಕಿ.