ಪದಚರ್ಚೆ: ‘ಬಫರಿಂಗ್ ಕೆಪಾಸಿಟಿ’ಗೆ ಏನನ್ನೋಣ? (ಸೋಮವಾರ ಪ್ರಿಂಟಿಗೆ ಹೋಗಬೇಕು)

ವಸುಧಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ವಿಜ್ಞಾನ ಪ್ರದರ್ಶನಕ್ಕೆ ಆರು ಫಲಕಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ವಿಷಯ ಆಮ್ಲ ಮಳೆ. ಐದು ಮುಗಿದಿವೆ, ಆರನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ.

ಅದು ಕೆನಡಾದ ಒಂಟಾರಿಯೊದಲ್ಲಿರುವ ‘ಲೇಕ್ 223’ ಅನ್ನುವ ಕೆರೆಯ ಕಥೆ. ಡೇವಿಡ್ ಶಿಂಡ್ಲರ್ ಮತ್ತು ಜೊತೆಯವರು 1976ರಿಂದ ವರ್ಷ ವರ್ಷವೂ ಬೇಕೆಂದೇ ಅದಕ್ಕೆ ಗಂಧಕಾಮ್ಲ ಹಾಕುತ್ತಾ ಹೋದರು. ಆಮ್ಲ ಮಳೆ ಬಿದ್ದರೆ ಕೆರೆಗೆ ಏನಾಗುತ್ತದೆ ಅಂತ ಕಣ್ಣಾರೆ ನೋಡುವುದಕ್ಕೆ. ಎಂಟು ವರ್ಷದಲ್ಲಿ ಪಿಎಚ್ 6.8ರಿಂದ 5ರ ಹತ್ತಿರಕ್ಕೆ ಬಂತು. ಈ ಕಥೆಯ ನಡುವೆ ಕೆರೆಯ ‘ಬಫರಿಂಗ್ ಕೆಪಾಸಿಟಿ’ ಅಂತ ಮೂರು ಸಲ ಬರುತ್ತದೆ. ಸದ್ಯಕ್ಕೆ ‘ಆಮ್ಲ ತಡೆಯುವ ಶಕ್ತಿ’ ಅಂತ ಹಾಕಿದ್ದೇನೆ, ಯಾಕೋ ಸರಿ ಅನ್ನಿಸುತ್ತಿಲ್ಲ. ಓದುವವರು ಏಳನೇ ಕ್ಲಾಸಿನ ಮಕ್ಕಳು. ಎರಡು ಪದಕ್ಕಿಂತ ಜಾಸ್ತಿ ಆದರೆ ಜಾಗ ಇಲ್ಲ ಅಂತ ಡಿಸೈನರ್ ಮುಖ ಸಿಂಡರಿಸುತ್ತಾರೆ.

ಶಿವಶಂಕರ್:

ಮೊದಲು ತಲೆಬರಹ ಸರಿ ಮಾಡಿ. ‘ಆಮ್ಲ’ ಯಾರ ಮನೆಯ ಮಾತು? ‘ಹುಳಿಮಳೆ’ ಅನ್ನಿ, ಮುಗಿಯಿತು. ಹಳಗನ್ನಡದ ‘ಪುಳಿ’, ಹೊಸಗನ್ನಡದ ‘ಹುಳಿ’, ತಮಿಳರಲ್ಲಿ ಇಂದಿಗೂ ‘ಪುಳಿ’. ಸ್ವೀಡನ್ನಿನವರು ‘ಸುರ್ಟ್ ರೆಗ್ನ್’ ಅನ್ನುತ್ತಾರೆ, ಜರ್ಮನರು ‘ಸೌರರ್ ರೇಗನ್’. ಎರಡೂ ‘ಹುಳಿ ಮಳೆ’ಯೇ. ಅವರಿಗೆ ನಾಚಿಕೆ ಆಗಲಿಲ್ಲ, ನಮಗೆ ಯಾಕೆ?

ಮಹೇಶ:

ಶಿವಶಂಕರ್ ಸರ್, ‘ಹುಳಿಮಳೆ’ ಅಂದರೆ ಮಕ್ಕಳು ಸಾರು ಸುರಿಯುತ್ತೆ ಅಂದುಕೊಳ್ಳುತ್ತಾರೆ :)

ವಸುಧಾ ಮೇಡಂ, ‘ತಡೆ’ ಸಾಕು. ಹೊಗೆಯಲ್ಲಿರುವ ಆಮ್ಲ ಮಳೆನೀರಲ್ಲಿ ಕರಗಿ ಬೀಳುತ್ತದೆ, ಕೆರೆ ಅದನ್ನು ತಡೆಯುತ್ತದೆ, ಅಷ್ಟೇ ಅಲ್ವಾ? ಜೊತೆಗೆ ಬೇಲೂರು ಹಳೇಬೀಡಿನ ಚಿತ್ರ ಒಂದು ಹಾಕಿಸಿ. ಆಮ್ಲ ಮಳೆಗೆ ಅಲ್ಲಿನ ಶಿಲ್ಪ ಎಲ್ಲ ಸವೆಯುತ್ತಿದೆ. ನಮ್ಮೂರಿನ ಉದಾಹರಣೆ ಇದ್ದರೆ ಮಕ್ಕಳಿಗೆ ಹತ್ತಿರ ಆಗುತ್ತದೆ.

ನಾಗರತ್ನ:

ಮಹೇಶ್, ಮೂರಕ್ಕೆ ಮೂರೂ ತಪ್ಪು ಅನ್ನುವುದಿಲ್ಲ, ಎರಡೂವರೆ ತಪ್ಪು.

ಚಿಮಣಿಯಿಂದ ಹೊರಡುವುದು ಹೆಚ್ಚಾಗಿ ಆಮ್ಲ ಅಲ್ಲ, ಗಂಧಕದ ಡೈಆಕ್ಸೈಡ್. ಅದು ಸುಮ್ಮನೆ ನೀರಲ್ಲಿ ಕರಗಿದರೆ ಆಗುವುದು ಬಡಪಾಯಿ ಆಮ್ಲ. ಮೋಡದ ಹನಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕಿದರೆ ಮಾತ್ರ ಅದು ಬೇಗ ಗಂಧಕಾಮ್ಲ ಆಗುತ್ತದೆ. ಸಾರಜನಕದ ದಾರಿ ಬೇರೆ. ಎಂಜಿನ್ ಒಳಗಿನ ಬಿಸಿಗೆ ಗಾಳಿಯಲ್ಲಿರುವ ಸಾರಜನಕವೇ ಸುಡುತ್ತದೆ. ಪೆಟ್ರೋಲ್ ಎಷ್ಟೇ ಶುದ್ಧ ಇದ್ದರೂ ಇದು ತಪ್ಪದು. ಆ ಅನಿಲ ಹಗಲಲ್ಲಿ, ಬಿಸಿಲಿನ ಕೃಪೆಯಿಂದ, ಗಾಳಿಯಲ್ಲೇ ನೈಟ್ರಿಕ್ ಆಮ್ಲ ಆಗಿಬಿಡುತ್ತದೆ. ಅಂದರೆ ಹೊಗೆ ಎದ್ದ ಊರು ಒಂದು, ಹುಳಿ ಬಿದ್ದ ಊರು ಇನ್ನೊಂದು. ಸ್ವೀಡನ್ನಿನವರ ದೂರು ಇದೇ ಆಗಿತ್ತು.

ಬೇಲೂರಿನ ಚಿತ್ರ ದಯವಿಟ್ಟು ಬೇಡ. ಅದು ಬಳಪದ ಕಲ್ಲು. ಆಮ್ಲ ಮಳೆ ತಿನ್ನುವುದು ಸುಣ್ಣ ಇರುವುದನ್ನು, ಅಂದರೆ ಅಮೃತಶಿಲೆ, ಸುಣ್ಣಕಲ್ಲು, ಗಾರೆ. ಅದರಲ್ಲೂ ಒಂದು ವಿಚಿತ್ರ ನೋಡಿ. ಯುರೋಪಿನ ಹಳೆಯ ಸುಣ್ಣಕಲ್ಲಿನ ಕಟ್ಟಡಗಳಲ್ಲಿ ಮಳೆ ನೇರ ಬೀಳುವ ಕಡೆ ಕಲ್ಲು ಬೆಳ್ಳಗಿರುತ್ತದೆ, ಆದರೆ ಸವೆದಿರುತ್ತದೆ. ಮಳೆ ತಾಗದ ಮಾಡಿನ ಕೆಳಗೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ಸುಣ್ಣ ಜಿಪ್ಸಂ ಆಗಿ, ಮಸಿ ಹಿಡಿದುಕೊಂಡು, ತೊಳೆದುಹೋಗದೆ ಉಳಿದದ್ದು ಅದು. ಮಳೆಯೇ ಬೀಳದ ಕಡೆ ‘ಆಮ್ಲ ಮಳೆ’ಯ ಗುರುತು! ಅದಕ್ಕೇ ಬಲ್ಲವರು ‘ಮಳೆ’ ಅನ್ನುವ ಪದಕ್ಕೇ ತಕರಾರು ತೆಗೆಯುತ್ತಾರೆ. ಶಿವಶಂಕರ್ ಅವರು ‘ಹುಳಿ’ಗೆ ಹೋರಾಡುವಾಗ ‘ಮಳೆ’ಯ ಕಡೆಗೂ ಒಮ್ಮೆ ನೋಡಲಿ.

ಈಗ ವಸುಧಾ ಕೇಳಿದ್ದು. ‘ತಡೆ’ ಬೇಡ. ತಡೆ ಅಂದರೆ ಆಮ್ಲ ಒಳಗೆ ಬರಲೇ ಇಲ್ಲ ಅಂತ ಆಗುತ್ತದೆ. ಬರುತ್ತದೆ, ಆದರೆ ನೀರಿನಲ್ಲಿರುವ ಬೈಕಾರ್ಬೊನೇಟ್ ಅದನ್ನು ನುಂಗಿಕೊಳ್ಳುತ್ತದೆ. ಮನೆಯಲ್ಲಿ ಒಮ್ಮೆ ಮೊಮ್ಮಗನಿಗೆ ತೋರಿಸಿದ್ದೆ. ಒಂದು ಲೋಟ ಆರ್‌ಓ ನೀರು, ಒಂದು ಲೋಟ ನಮ್ಮ ಬೋರ್‌ವೆಲ್ ನೀರು. ಒಂದೊಂದೇ ಹನಿ ವಿನೆಗರ್ ಬಿಟ್ಟು ಪಿಎಚ್ ಪಟ್ಟಿ ಅದ್ದುವುದು. ಆರ್‌ಓ ನೀರು ಒಂದೇ ಹನಿಗೆ 5ರ ಕೆಳಗೆ ಬಿತ್ತು. ಬೋರ್‌ವೆಲ್ ನೀರು ಇಪ್ಪತ್ತು ಹನಿ ಆದರೂ 6ರ ಹತ್ತಿರವೇ ಕೂತಿತ್ತು. ಹುಡುಗನಿಗೆ ಬೇಜಾರಾಗಿ ಎದ್ದುಹೋದ. ಕೆರೆಯಲ್ಲೂ ಹೀಗೇ. ವರ್ಷಗಟ್ಟಲೆ ಏನೂ ಆಗದ ಹಾಗೆ ಕಾಣುತ್ತದೆ. ದಾಸ್ತಾನು ಮುಗಿದ ಮೇಲೆ ಸರಸರ ಇಳಿಯುತ್ತದೆ. ಒಂಟಾರಿಯೊದ ಆ ಭಾಗದಲ್ಲಿ ತಳ ಗ್ರಾನೈಟು, ಸುಣ್ಣ ಕಡಿಮೆ. ಆ ನೀರು ನಮ್ಮ ಆರ್‌ಓ ಲೋಟದ ಜಾತಿಗೇ ಹತ್ತಿರ.

ಶಿವಶಂಕರ್:

‘ತಾಳಿಕೆ.’ ತಾಳು, ತಾಳ್ಮೆ, ತಾಳಿಕೆ. ‘ಹುಳಿತಾಳಿಕೆ’ ಒಂದೇ ಪದ. ಡಿಸೈನರ್‌ಗೂ ಖುಷಿ.

ಇನ್ನೊಂದು ಮಾತು. ಅದು ‘ಕೆರೆ’ ಅಲ್ಲ. ಕೆರೆ ಅಂದರೆ ಏರಿ ಕಟ್ಟಿ ನೀರು ನಿಲ್ಲಿಸಿದ್ದು, ತೂಬು ಇರುವಂಥದ್ದು. ತಾನಾಗಿ ಆದದ್ದು ಕೆರೆಯಲ್ಲ.

ಮಹೇಶ:

ಹಾಗಾದರೆ ಏನನ್ನಬೇಕು ಸರ್, ‘ಸರೋವರ’ ತಾನೇ? ಅದು ಸಂಸ್ಕೃತ. ಅದಕ್ಕೆ ವೀಸಾ ಇದೆಯಾ?

ಶಿವಶಂಕರ್:

ವ್ಯಂಗ್ಯ ಬೇಡ. ‘ಆಮ್ಲಜನಕ’ ಅಂತ ಮಕ್ಕಳ ಬಾಯಿಗೆ ತುರುಕಿದಿರಲ್ಲ, ಅದರ ಗತಿ ಗೊತ್ತಾ? ಎಲ್ಲ ಆಮ್ಲಕ್ಕೂ ಈ ಅನಿಲವೇ ಮೂಲ ಅಂತ ಲವಾಸಿಯೇ ತಪ್ಪು ತಿಳಿದು ಗ್ರೀಕಿನಲ್ಲಿ ಹೆಸರಿಟ್ಟ. ನಾವು ಆ ತಪ್ಪನ್ನೇ ಸಂಸ್ಕೃತಕ್ಕೆ ಇಳಿಸಿಕೊಂಡು ಇಂದಿಗೂ ಹೊರುತ್ತಿದ್ದೇವೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಲ್ಲಿದೆ ಆಮ್ಲಜನಕ?

ನಾಗರತ್ನ:

ಸರಿಯೇ. ಆದರೆ ವಸುಧಾ ಅವರ ಫಲಕದಲ್ಲಿ ಮಾತ್ರ ಆ ಹೆಸರು ಅನ್ವರ್ಥ. ಗಂಧಕದ ಅನಿಲ ಆಮ್ಲಜನಕ ಹೀರಿಯೇ ಗಂಧಕಾಮ್ಲ ಆಗುವುದು. ಈ ಜಗಳಕ್ಕೆ ಬೇರೆ ಎಳೆ ತೆಗೆಯಿರಿ, ಸೋಮವಾರ ಹತ್ತಿರ ಬರುತ್ತಿದೆ.

‘ತಾಳಿಕೆ’ಯಲ್ಲಿ ನನಗೆ ಒಂದು ತೊಡಕು ಕಾಣುತ್ತದೆ. ಇದೇ ಫಲಕದಲ್ಲಿ ಮೀನಿನ ತಾಳಿಕೆಯೂ ಬರುತ್ತದೆ. ಆ ಕೆರೆಯ ಟ್ರೌಟ್ ಮೀನು ಆಮ್ಲವನ್ನು ತಾಳಿಕೊಂಡಿತು. ಅದರ ಆಹಾರ ತಾಳಲಿಲ್ಲ. ಪಿಎಚ್ 6ರ ಆಸುಪಾಸಿಗೆ ಬರುವಾಗಲೇ ಮೈಸಿಸ್ ಅನ್ನುವ ಸಿಗಡಿಯಂಥ ಪುಟ್ಟ ಜೀವಿ ಹೋಯಿತು, ಮಿನ್ನೋ ಅನ್ನುವ ಸಣ್ಣ ಮೀನು ಮರಿ ಉಳಿಸಿಕೊಳ್ಳಲಿಲ್ಲ. ದೊಡ್ಡ ಟ್ರೌಟ್‌ಗಳು ಬದುಕಿದ್ದವು, ಆದರೆ ಸೊರಗಿ ಕಡ್ಡಿಯಾದವು. ಮೀನು ಈಜುತ್ತಿದೆ, ಆದ್ದರಿಂದ ಕೆರೆ ಚೆನ್ನಾಗಿದೆ ಅಂತ ದಡದಲ್ಲಿ ನಿಂತು ಹೇಳುವಂತಿಲ್ಲ. ಈಗ ಮೀನಿಗೂ ತಾಳಿಕೆ, ನೀರಿಗೂ ತಾಳಿಕೆ ಅಂದರೆ ಏಳನೇ ಕ್ಲಾಸಿನ ಮಗು ಏನು ಮಾಡಬೇಕು?

ವಸುಧಾ, ಆ ಫಲಕದಲ್ಲಿ ‘ಮಣ್ಣಿನಿಂದ ಅಲ್ಯೂಮಿನಿಯಂ ಬಂದು ಮೀನು ಸತ್ತವು’ ಅಂತೇನಾದರೂ ಇದ್ದರೆ ತೆಗೆಸಿ. ಸ್ಕ್ಯಾಂಡಿನೇವಿಯಾದಲ್ಲಿ ಅದು ನಿಜ. ಹುಳಿ ನೀರು ಮಣ್ಣಿನಿಂದ ಅಲ್ಯೂಮಿನಿಯಂ ಬಿಡಿಸಿ ತರುತ್ತದೆ, ಅದು ಕಿವಿರಿಗೆ ಕೂತು ಮೀನು ಉಸಿರುಕಟ್ಟುತ್ತದೆ. ಇಲ್ಲಿ ಆಮ್ಲವನ್ನು ನೇರ ನೀರಿಗೇ ಹಾಕಿದ್ದು, ಸುತ್ತಲಿನ ಮಣ್ಣಿಗಲ್ಲ.

ವಸುಧಾ:

ಅಯ್ಯೋ, ಇದೆ ಮೇಡಂ! ಚಿತ್ರದ ಕೆಳಗಿನ ಸಾಲಲ್ಲಿ. ಅವರಿಗೆ ಇವತ್ತೇ ಬರೆಯುತ್ತೇನೆ. ಪದ ಮಾತ್ರ ಇನ್ನೂ ಸಿಗಲಿಲ್ಲ.

ಚಂದ್ರೇಗೌಡ, ಮೂಡಿಗೆರೆ ಕಡೆಯಿಂದ:

ಎರಡು ದಿನದಿಂದ ಓದ್ತಾ ಇದ್ದೇನೆ ಮಾರಾಯ್ರೆ. ಆಮ್ಲ ಮಳೆಯಿಂದ ನನ್ನ ಕಾಫಿ ತೋಟವೂ ಹಾಳಾಗಿದೆ. ಎರಡು ಪ್ಲಾಟಿನ ಮಣ್ಣು ಕೊಟ್ಟೆ, ಎರಡರದ್ದೂ ಪಿಎಚ್ 5.2 ಬಂತು. ಎಕರೆಗೆ ಇಷ್ಟು ಸುಣ್ಣ ಅಂತ ಎರಡಕ್ಕೂ ಒಂದೇ ಲೆಕ್ಕ ಬರೆದುಕೊಟ್ಟರು. ಹಾಕಿದೆ. ಮೇಲಿನ ಜರಿಮಣ್ಣಿನ ಪ್ಲಾಟು 6 ದಾಟಿತು. ಕೆಳಗಿನ ಗದ್ದೆ ಬದಿಯ ಕಪ್ಪು ಜೇಡಿಮಣ್ಣು ವರ್ಷ ಆದರೂ ಜಗ್ಗಲಿಲ್ಲ. ಸುಣ್ಣವೇ ಕಲಬೆರಕೆ ಅಂತ ಅಂಗಡಿಯವನ ಹತ್ತಿರ ಜಗಳ ಆಡಿ ಬಂದೆ. ಇದಕ್ಕೂ ನಿಮ್ಮ ಆ ಪದಕ್ಕೂ ಸಂಬಂಧ ಇದೆಯಾ?

ನಾಗರತ್ನ:

ಗೌಡರೇ, ಇಡೀ ಚರ್ಚೆಯಲ್ಲಿ ಪದದ ಅರ್ಥ ಸರಿಯಾಗಿ ಹೇಳಿದವರು ನೀವೇ. ಅಂಗಡಿಯವನ ತಪ್ಪು ಇರಲಿಕ್ಕಿಲ್ಲ. ಜೇಡಿ ಮತ್ತು ಗೊಬ್ಬರದ ಅಂಶ ಜಾಸ್ತಿ ಇದ್ದ ಮಣ್ಣು ತನ್ನೊಳಗೆ ಹುಳಿಯನ್ನು ಅಡಗಿಸಿಟ್ಟುಕೊಂಡಿರುತ್ತದೆ. ಪಿಎಚ್ ಒಂದೇ ಇದ್ದರೂ ಸುಣ್ಣ ಬೇರೆ ಬೇರೆ ಬೇಕು. ಕೆರೆ ಆಮ್ಲಕ್ಕೆ ಜಗ್ಗುವುದಿಲ್ಲ, ನಿಮ್ಮ ಗದ್ದೆಮಣ್ಣು ಸುಣ್ಣಕ್ಕೆ ಜಗ್ಗುವುದಿಲ್ಲ. ಗುಣ ಒಂದೇ, ದಿಕ್ಕು ಬೇರೆ.

ಆದರೆ ತೋಟದ ಹುಳಿಯನ್ನು ಆಮ್ಲ ಮಳೆಯ ತಲೆಗೆ ಕಟ್ಟಬೇಡಿ. ಮಲೆನಾಡಿನ ಜಡಿಮಳೆ ಸಾವಿರಾರು ವರ್ಷದಿಂದ ಮಣ್ಣಿನ ಸುಣ್ಣ ತೊಳೆಯುತ್ತಲೇ ಇದೆ. ಶುದ್ಧ ಮಳೆಯ ಪಿಎಚ್ಚೇ 5.6ರ ಹತ್ತಿರ. ಅದರ ಮೇಲೆ ನೀವು ಯೂರಿಯಾ ಹಾಕುತ್ತೀರಿ, ಅದೂ ಹುಳಿ ಮಾಡುತ್ತದೆ.

ಚಂದ್ರೇಗೌಡ:

ಯೂರಿಯಾ ಬಿಟ್ಟರೆ ಬೆಳೆ ಯಾರು ಕೊಡ್ತಾರೆ? ಅದಿರಲಿ. ಎಷ್ಟು ಹಾಕಿದರೂ ಆ ಮಣ್ಣು ಸುಣ್ಣ ಅರಗಿಸಿಕೊಂಡು ಕೂತಿದೆ ಅಂತಲೇ ನಾವು ಇಲ್ಲಿ ಆಡಿಕೊಳ್ಳುವುದು.

ವಸುಧಾ:

‘ಅರಗಿಸು’! ‘ಆಮ್ಲ ಅರಗಿಸುವ ಶಕ್ತಿ’. ಮೂರು ಪದ ಆಯಿತು, ಡಿಸೈನರ್‌ಗೆ ಕಾಫಿ ಕೊಡಿಸುತ್ತೇನೆ. ಅತಿಯಾದರೆ ಅಜೀರ್ಣ ಅನ್ನುವುದೂ ಅದರಲ್ಲೇ ಬಂತು.

ಶಿವಶಂಕರ್:

ನಾಮಪದ ಮಾಡಹೊರಟರೆ ‘ಅರಗು’ ಆಗುತ್ತದೆ, ಪಾಂಡವರ ಅರಗಿನ ಮನೆ ನೆನಪಾಗುತ್ತದೆ. ‘ಹುಳಿತಾಳಿಕೆ’ಯೇ ಸರಿ. ನನ್ನ ಅಭಿಪ್ರಾಯ ಬದಲಾಗಿಲ್ಲ.

ನಾಗರತ್ನ:

ನನಗೆ ‘ಅರಗಿಸು’ ಹಿಡಿಸಿತು. ಕಾರಣ ಬೇರೆ. ಲೇಕ್ 223ರಲ್ಲಿ ಅವರು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಆಮ್ಲ ಸುರಿಯಬೇಕಾಯಿತು. ತಳದ ಕೆಸರಿನ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ತಿಂದು ದೊಡ್ಡ ಪಾಲು ಆಮ್ಲವನ್ನು ಇಲ್ಲವಾಗಿಸುತ್ತಿದ್ದವು. ಅದು ದಾಸ್ತಾನು ಅಲ್ಲ, ದಿನಾ ದುಡಿದು ತಂದದ್ದು. ಅದನ್ನು ‘ಬಫರಿಂಗ್’ ಅಂತ ಕರೆಯಬಹುದೇ ಅನ್ನುವುದು ಇಂಗ್ಲಿಷಿನಲ್ಲೇ ತಕರಾರು. ‘ಅರಗಿಸು’ವಿನಲ್ಲಿ ಎರಡೂ ಹಿಡಿಯುತ್ತದೆ.

ಮಹೇಶ:

ಕೆರೆಯೋ ಸರೋವರವೋ?

ವಸುಧಾ:

ಕೆರೆ. ಫೈಲ್ ಕಳಿಸಿಯಾಯಿತು.

ಚಂದ್ರೇಗೌಡ:

ನಾಗರತ್ನ ಮೇಡಂ, ಮಣ್ಣಿನ ವರದಿಯಲ್ಲಿ ಕೊನೆಗೆ ‘ಬಫರ್ ಪಿಎಚ್’ ಅಂತ ಒಂದು ಕಾಲಂ ಖಾಲಿ ಬಿಟ್ಟಿದ್ದಾರೆ. ಫೋಟೋ ಕಳಿಸಲಾ?