ಐಸೊಪ್ರೀನ್ ಮತ್ತು ಮೀಥೈಲ್ ಅಕ್ರಿಲೇಟ್: ಜಿಸಿಯಲ್ಲಿ ಎರಡು ಪೀಕ್‌ಗಳು, ಎಂಡೊ ಪಾಲನ್ನು ಹೆಚ್ಚಿಸುವುದು ಹೇಗೆ?

ಕೋಥ್ರೂಡ್ ಕನ್ನಡತಿ (ಪುಣೆ)

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಐಸೊಪ್ರೀನ್ ಮತ್ತು ಮೀಥೈಲ್ ಅಕ್ರಿಲೇಟ್ ನಡುವಿನ ಡೀಲ್ಸ್-ಆಲ್ಡರ್ ಕ್ರಿಯೆಯನ್ನು ಮಾಡುತ್ತಿದ್ದೇನೆ. ದಪ್ಪ ಗಾಜಿನ ಸೀಲ್ಡ್ ಟ್ಯೂಬನ್ನು ಅರ್ಧಕ್ಕಿಂತ ಕಡಿಮೆ ತುಂಬಿ, ಚಿಟಿಕೆಯಷ್ಟು ಹೈಡ್ರೊಕ್ವಿನೋನ್ ಹಾಕಿ, ಶೀಲ್ಡ್ ಹಿಂದೆ 120 ಡಿಗ್ರಿಯ ಆಯಿಲ್ ಬಾತ್‌ನಲ್ಲಿ ರಾತ್ರಿಯಿಡೀ ಇಟ್ಟು, ಮರುದಿನ ಕಡಿಮೆ ಒತ್ತಡದಲ್ಲಿ ಡಿಸ್ಟಿಲ್ ಮಾಡಿದೆ. ಜಿಸಿ-ಎಂಎಸ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಎರಡು ಪೀಕ್‌ಗಳು ಬಂದಿವೆ. ಎರಡರ ಅಣುಭಾರವೂ 154, ಅನುಪಾತ ಹೆಚ್ಚುಕಡಿಮೆ 70:30. ಅವುಗಳಿಗೂ ಮೊದಲು 136 ತೋರಿಸುವ ಸಣ್ಣ ಪೀಕ್ ಒಂದಿದೆ. ಎಂಡೊ ಉತ್ಪನ್ನವೇ ಬಹುಪಾಲು ಬರಬೇಕಿತ್ತಲ್ಲವೇ? ಶೇಕಡಾ 30ರಷ್ಟು ಎಕ್ಸೊ ಏಕೆ ಬಂತು, ಅದನ್ನು ತಗ್ಗಿಸುವುದು ಹೇಗೆ ಎಂದು ದಯವಿಟ್ಟು ತಿಳಿಸಿ.

ವಾಶಿ ಬೆಂಚ್ (ನವಿ ಮುಂಬೈ)

ನಿಮ್ಮ ಉಷ್ಣತೆ ಹೆಚ್ಚಾಗಿದೆ. ಎಂಡೊ ಬೇಗ ಆಗುವ ಉತ್ಪನ್ನ, ಎಕ್ಸೊ ಹೆಚ್ಚು ಸ್ಥಿರವಾದ ಉತ್ಪನ್ನ. 120 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಎಂಡೊ ಮರಳಿ ಒಡೆದು ಎಕ್ಸೊ ಆಗಿ ಜೋಡಿಕೊಳ್ಳುತ್ತದೆ. ಫ್ಯೂರಾನ್ ಮತ್ತು ಮ್ಯಾಲೆಯಿಕ್ ಅನ್‌ಹೈಡ್ರೈಡ್ ಜೋಡಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹತ್ತನೇ ಒಂದು ಪಾಲು ಅಲ್ಯುಮಿನಿಯಂ ಕ್ಲೋರೈಡ್ ಹಾಕಿ ಕ್ರಿಯೆಯನ್ನು ಕೊಠಡಿಯ ಉಷ್ಣತೆಯಲ್ಲೇ ಮುಗಿಸಿ. ಎರಡನೆಯ ಪೀಕ್ ಬಹುತೇಕ ಮಾಯವಾಗುತ್ತದೆ.

ಮಡಗಾಂವ್ ಲ್ಯಾಬ್ (ಗೋವಾ)

ನನ್ನದೂ ಇಂಥದೇ ತೊಂದರೆ ಇರಬಹುದು ಎಂದು ಇಲ್ಲಿಯೇ ಕೇಳುತ್ತಿದ್ದೇನೆ. ಪೈಪರಿಲೀನ್‌ಗೆ ಮ್ಯಾಲೆಯಿಕ್ ಅನ್‌ಹೈಡ್ರೈಡ್ ಸೇರಿಸಿದರೆ ಮೊದಲು ಚುರುಕಾಗಿ ಬಿಸಿಯೇರುತ್ತದೆ, ಆಮೇಲೆ ಕ್ರಿಯೆ ನಿಂತೇಹೋಗುತ್ತದೆ. ಅನ್‌ಹೈಡ್ರೈಡ್ ಇನ್ನಷ್ಟು ಹಾಕಿದರೂ ಉಳಿದ ಡೈಯೀನ್ ಕದಲುವುದಿಲ್ಲ. ಇಲ್ಲಿಯೂ ಮರಳಿ ಒಡೆಯುವುದೇ ಕಾರಣವೇ?

ಮಾಟುಂಗಾ ರಿಫ್ಲಕ್ಸ್ (ಮುಂಬೈ)

ಪುಣೆಯವರ ಪ್ರಶ್ನೆಯನ್ನು ಮೊದಲು ನೋಡೋಣ. ನಿಮ್ಮ ಎರಡು ಪೀಕ್‌ಗಳು ಎಂಡೊ ಮತ್ತು ಎಕ್ಸೊ ಆಗಿರಲು ಸಾಧ್ಯವೇ ಇಲ್ಲ. ಉತ್ಪನ್ನದ ಉಂಗುರವನ್ನು ಕಾಗದದ ಮೇಲೆ ಬರೆದು ಕೈರಲ್ ಕಾರ್ಬನ್‌ಗಳನ್ನು ಹುಡುಕಿ. ಎಸ್ಟರ್ ಹೊತ್ತ ಕಾರ್ಬನ್ ಒಂದನ್ನು ಬಿಟ್ಟರೆ ಬೇರೊಂದು ಸಿಗುವುದಿಲ್ಲ, ಏಕೆಂದರೆ ಐಸೊಪ್ರೀನ್‌ನ ಮೀಥೈಲ್ ಕೂತಿರುವುದು ದ್ವಿಬಂಧದ ಕಾರ್ಬನ್ ಮೇಲೆ. ಎಸ್ಟರ್ ಗುಂಪು ಡೈಯೀನ್‌ನ ಅಡಿಗೆ ಬಂದು ಸೇರಿದರೂ ಹೊರಮುಖವಾಗಿ ಸೇರಿದರೂ ಕೊನೆಗೆ ಸಿಗುವುದು ಒಂದೇ ಅಣು ಅಥವಾ ಅದರ ಕನ್ನಡಿ ಪ್ರತಿಬಿಂಬ, ಮತ್ತು ಸಾಮಾನ್ಯ ಕಾಲಂ ಅವೆರಡನ್ನು ಬೇರ್ಪಡಿಸುವುದಿಲ್ಲ. ಎಂಡೊ ಹಾದಿಯಲ್ಲಿ ಎಷ್ಟು ನಡೆಯಿತು ಎಂಬುದನ್ನು ಈ ಉತ್ಪನ್ನ ನಮಗೆ ಹೇಳಲಾರದು.

ನಿಮ್ಮ ಪೀಕ್‌ಗಳು ಸ್ಥಾನದ ಐಸೊಮರ್‌ಗಳು: ಮೀಥೈಲ್ ಮತ್ತು ಎಸ್ಟರ್ ಎದುರುಬದುರಾಗಿರುವ ಪ್ಯಾರಾ, ಒಂದು ಕಾರ್ಬನ್ ಹತ್ತಿರವಿರುವ ಮೆಟಾ. 120 ಡಿಗ್ರಿಯಲ್ಲಿ 70:30 ಎಂಬುದು ಈ ಕ್ರಿಯೆಗೆ ವರದಿಯಾಗಿರುವ ಅನುಪಾತವೇ. ಹಾಗಾಗಿ ನಿಮ್ಮ ಪ್ರಯೋಗ ಸರಿಯಾಗಿಯೇ ನಡೆದಿದೆ. 136ರ ಪೀಕ್ ಐಸೊಪ್ರೀನ್ ತನ್ನೊಂದಿಗೆ ತಾನೇ ಸೇರಿ ಆದ ಡೈಪೆಂಟೀನ್ ಇರಬೇಕು. ಒಂದು ಅಣು ಡೈಯೀನ್ ಆಗಿ, ಇನ್ನೊಂದು ಡೈಯೀನೋಫೈಲ್ ಆಗಿ ವರ್ತಿಸಿದೆ.

ವಾಶಿಯವರು ಹೇಳಿದ ಪರಿಹಾರ ಸರಿ, ಕಾರಣ ಸರಿಯಲ್ಲ. ಫ್ಯೂರಾನ್ ಆಡಕ್ಟ್ ಸುಲಭವಾಗಿ ಬಿಚ್ಚಿಕೊಳ್ಳುವುದು ಅದು ಬಿಚ್ಚಿದಾಗ ಫ್ಯೂರಾನ್‌ಗೆ ತನ್ನ ಅರೋಮ್ಯಾಟಿಕ್ ಸ್ಥಿರತೆ ವಾಪಸು ಸಿಗುವುದರಿಂದ. ಈ ಸೈಕ್ಲೊಹೆಕ್ಸೀನ್ ಎಸ್ಟರ್‌ಗೆ ಅಂಥ ಲಾಭವಿಲ್ಲ, 120 ಡಿಗ್ರಿಯಲ್ಲಿ ಅದು ಹಿಂದಿರುಗುವುದಿಲ್ಲ. ಅಲ್ಯುಮಿನಿಯಂ ಕ್ಲೋರೈಡ್ ಹಾಕಿದರೆ ಅನುಪಾತ 95:5ರ ಹತ್ತಿರ ಹೋಗುವುದು ನಿಜ, ಆದರೆ ಅದು ಪ್ಯಾರಾ ಮತ್ತು ಮೆಟಾಗಳ ಅನುಪಾತ.

ಗೋವಾದವರ ತೊಂದರೆ ಬೇರೆಯದು, ಮೂಲ ಡೈಯೀನ್‌ನ ಆಕಾರದಲ್ಲಿದೆ. ಮಾರುಕಟ್ಟೆಯ ಪೈಪರಿಲೀನ್ ಸಾಮಾನ್ಯವಾಗಿ ಸಿಸ್ ಮತ್ತು ಟ್ರಾನ್ಸ್‌ಗಳ ಮಿಶ್ರಣ. ಕ್ರಿಯೆ ನಡೆಯಬೇಕಾದರೆ ಡೈಯೀನ್ ತಿರುಗಿ ಎಸ್-ಸಿಸ್ ಭಂಗಿಗೆ ಬರಬೇಕು. ಟ್ರಾನ್ಸ್ ಐಸೊಮರ್‌ನಲ್ಲಿ ಮೀಥೈಲ್ ಹೊರಕ್ಕೆ ಚಾಚಿರುವುದರಿಂದ ಅಡ್ಡಿಯಿಲ್ಲ. ಸಿಸ್‌ನಲ್ಲಾದರೋ ಅದು ಒಳಕ್ಕೆ ತಿರುಗಿ, ಇನ್ನೊಂದು ತುದಿಯ ಹೈಡ್ರೋಜನ್‌ಗೆ ತಾಗುವುದರಿಂದ ಅಣು ಆ ಭಂಗಿಗೆ ಬರುವುದೇ ಅಪರೂಪ. ನಿಮ್ಮಲ್ಲಿ ಟ್ರಾನ್ಸ್ ಮುಗಿದಿದೆ, ಉಳಿದದ್ದು ಸಿಸ್. ಉಳಿಕೆಯನ್ನು ಡಿಸ್ಟಿಲ್ ಮಾಡಿ ಎನ್‌ಎಂಆರ್ ತೆಗೆದರೆ ಖಚಿತವಾಗುತ್ತದೆ. ಕ್ರಿಯೆ ಪೂರ್ಣವಾಗಲೇಬೇಕೆಂದರೆ ಟ್ರಾನ್ಸ್ ಮಾತ್ರ ಇರುವ ಬಾಟಲಿಯನ್ನೇ ತರಿಸಿ.

ಎಂಡೊ ನಿಯಮವನ್ನು ಕಣ್ಣಾರೆ ನೋಡಬೇಕಾದದ್ದು ನಿಮ್ಮ ಉತ್ಪನ್ನದಲ್ಲಿ. ಅಲ್ಲಿ ಮೀಥೈಲ್ ಹೊತ್ತ ಕಾರ್ಬನ್ ಕೂಡ ಕೈರಲ್ ಆಗುತ್ತದೆ, ಮತ್ತು ಅನ್‌ಹೈಡ್ರೈಡ್ ಒಳಮುಖವಾಗಿ ಸೇರಿದ್ದಕ್ಕೆ ಸಾಕ್ಷಿಯಾಗಿ ಮೀಥೈಲ್ ಅದರದ್ದೇ ಬದಿಯಲ್ಲಿ ನಿಲ್ಲುತ್ತದೆ.

ಕೋಥ್ರೂಡ್ ಕನ್ನಡತಿ (ಪುಣೆ)

ಮಾಡೆಲ್ ಕಟ್ಟಿ ನೋಡಿದೆ ಸರ್, ನೀವು ಹೇಳಿದಂತೆಯೇ ಇದೆ. ಆದರೆ ಪ್ಯಾರಾ ಏಕೆ ಹೆಚ್ಚು? ಮೀಥೈಲ್ ಮತ್ತು ಎಸ್ಟರ್ ಒಂದಕ್ಕೊಂದು ದೂರ ಉಳಿಯಲು ಹಾಗಾಗುತ್ತದೆಯೇ? ದೊಡ್ಡ ಪೀಕ್ ಪ್ಯಾರಾದ್ದೇ ಎಂದು ಗೈಡ್‌ಗೆ ತೋರಿಸುವುದಾದರೂ ಹೇಗೆ? ಪ್ರೋಟಾನ್ ಎನ್‌ಎಂಆರ್‌ನಲ್ಲಿ ದ್ವಿಬಂಧದ ಸಿಗ್ನಲ್‌ಗಳು ಒಂದರ ಮೇಲೊಂದು ಬಿದ್ದಿವೆ.

ಮಾಟುಂಗಾ ರಿಫ್ಲಕ್ಸ್ (ಮುಂಬೈ)

ಜಾಗದ ಇಕ್ಕಟ್ಟು ಕಾರಣವಾಗಿದ್ದರೆ ಪೈಪರಿಲೀನ್ ಮತ್ತು ಮೀಥೈಲ್ ಅಕ್ರಿಲೇಟ್ ಸೇರಿದಾಗ ಎರಡು ಗುಂಪುಗಳು ಅಕ್ಕಪಕ್ಕದ ಆರ್ಥೊ ಸ್ಥಾನಗಳಲ್ಲಿ ಕೂರುತ್ತಿರಲಿಲ್ಲ. ಆದರೆ ಅಲ್ಲಿ ಆರ್ಥೊ ಉತ್ಪನ್ನವೇ ಬಹುಪಾಲು. ಕಾರಣ ಇಲೆಕ್ಟ್ರಾನ್‌ಗಳಲ್ಲಿದೆ. ಐಸೊಪ್ರೀನ್‌ನಲ್ಲಿ ಮೀಥೈಲ್ ಪಕ್ಕದ ತುದಿಯಲ್ಲಿ ಹೋಮೊ ಕಕ್ಷಕ ಹೆಚ್ಚು ದಟ್ಟವಾಗಿರುತ್ತದೆ. ಅಕ್ರಿಲೇಟ್‌ನಲ್ಲಿ ಎಸ್ಟರ್‌ನಿಂದ ದೂರದ ಕಾರ್ಬನ್ ಮೇಲೆ ಲೂಮೊ ದಟ್ಟವಾಗಿರುತ್ತದೆ. ಈ ಎರಡು ತುದಿಗಳ ನಡುವಿನ ಬಂಧ ಒಂದು ಹೆಜ್ಜೆ ಮುಂದಿರುತ್ತದೆ, ಇನ್ನೊಂದು ಬಂಧ ಅದೇ ಕ್ರಿಯೆಯಲ್ಲಿ ಹಿಂಬಾಲಿಸುತ್ತದೆ. ಹಾಗೆ ಜೋಡಿಸಿ ಎಣಿಸಿದರೆ ಪ್ಯಾರಾ ಸಿಗುತ್ತದೆ. ಒಂಟಿ ಮೀಥೈಲ್‌ನ ಪ್ರಭಾವ ದುರ್ಬಲವಾದ್ದರಿಂದ 70:30ಕ್ಕೇ ನಿಲ್ಲುತ್ತದೆ. ಅಲ್ಯುಮಿನಿಯಂ ಕ್ಲೋರೈಡ್ ಎಸ್ಟರ್‌ನ ಕಾರ್ಬೊನಿಲ್ ಆಮ್ಲಜನಕವನ್ನು ಹಿಡಿದಾಗ ಅಕ್ರಿಲೇಟ್‌ನ ಎರಡು ಕಾರ್ಬನ್‌ಗಳ ಮೇಲಿನ ಲೂಮೊ ದಟ್ಟಣೆಯ ವ್ಯತ್ಯಾಸ ಹಿಗ್ಗುತ್ತದೆ, ಆಯ್ಕೆ ಚುರುಕಾಗುತ್ತದೆ.

ಗುರುತಿಸಲು ಹಳೆಯ ವಿಧಾನವೇ ಒಳ್ಳೆಯದು. ಮಿಶ್ರಣವನ್ನು ಪಲ್ಲಾಡಿಯಂ-ಕಾರ್ಬನ್ ಜೊತೆ ಕಾಯಿಸಿ ಹೈಡ್ರೋಜನ್ ತೆಗೆದರೆ ಪ್ಯಾರಾ ಐಸೊಮರ್ ಮೀಥೈಲ್ ಪ್ಯಾರಾ-ಟೊಲುಯೇಟ್ ಆಗುತ್ತದೆ, ಮೆಟಾ ಐಸೊಮರ್ ಮೆಟಾ-ಟೊಲುಯೇಟ್ ಆಗುತ್ತದೆ. ಎರಡರ ಶುದ್ಧ ಮಾದರಿಗಳೂ ಕೊಳ್ಳಲು ಸಿಗುತ್ತವೆ. ಜಿಸಿಯಲ್ಲಿ ಅವನ್ನು ಬೆರೆಸಿ ಹಾಕಿ, ಯಾವ ಪೀಕ್ ಬೆಳೆಯಿತು ಎಂದು ನೋಡಿ. ಹೊಸ ಪೀಕ್‌ಗಳು 150 ತೋರಿಸಬೇಕು. ಜೊತೆಗೆ 156 ಕಂಡರೆ ಗಾಬರಿ ಬೇಡ, ಬಿಡುಗಡೆಯಾದ ಹೈಡ್ರೋಜನ್ ಇನ್ನೊಂದು ಅಣುವಿನ ದ್ವಿಬಂಧಕ್ಕೆ ಸೇರಿರುತ್ತದೆ.

ವಾಶಿ ಬೆಂಚ್ (ನವಿ ಮುಂಬೈ)

ಕಾರಣದ ವಿಷಯ ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ. ಅಲ್ಯುಮಿನಿಯಂ ಕ್ಲೋರೈಡನ್ನು ಒಣ ಟೊಲುಯೀನ್‌ನಲ್ಲಿರುವ ಅಕ್ರಿಲೇಟ್‌ಗೆ ತಣ್ಣಗಿರುವಾಗಲೇ ಸೇರಿಸಿ, ಅದು ಕರಗಿದ ಮೇಲೆ ಐಸೊಪ್ರೀನನ್ನು ಹನಿಹನಿಯಾಗಿ ಬಿಡಿ. ಕ್ರಮ ತಪ್ಪಿದರೆ ಐಸೊಪ್ರೀನ್ ಪಾಲಿಮರ್ ಆಗಿ ಫ್ಲಾಸ್ಕಿನ ತಳಕ್ಕೆ ಅಂಟು ಹಿಡಿಯುತ್ತದೆ. ಐಸೊಪ್ರೀನ್ 34 ಡಿಗ್ರಿಗೇ ಕುದಿಯುವುದರಿಂದ ಪುಣೆಯ ಏಪ್ರಿಲ್ ಮಧ್ಯಾಹ್ನ ಬಾಟಲಿಯನ್ನು ಐಸ್‌ನಲ್ಲಿ ಇಟ್ಟೇ ತೆರೆಯಿರಿ.

ಕೋಥ್ರೂಡ್ ಕನ್ನಡತಿ (ಪುಣೆ)

ಅದೇ ಕ್ರಮದಲ್ಲಿ ಮಾಡಿದೆ. ದೊಡ್ಡ ಪೀಕ್ ಪ್ಯಾರಾ ಎಂಬುದು ಟೊಲುಯೇಟ್ ಮಾದರಿಯಿಂದ ಖಚಿತವಾಯಿತು, ಅನುಪಾತ 93:7ಕ್ಕೆ ಬಂದಿದೆ. ಆದರೆ ದೊಡ್ಡ ಪೀಕ್‌ನ ಬಾಲದಲ್ಲಿ 154 ತೋರಿಸುವ ಹೊಸ ಗೂನು ಒಂದು ಕಾಣುತ್ತಿದೆ. ಶಾಖದಿಂದ ಮಾಡಿದ ಮಾದರಿಯಲ್ಲಿ ಅದು ಇರಲಿಲ್ಲ. ಅಲ್ಯುಮಿನಿಯಂ ಕ್ಲೋರೈಡ್ ಗಂಟುಗಟ್ಟಿತ್ತು, ಮುಚ್ಚಳ ತೆಗೆದಾಗ ಬಿಳಿ ಹೊಗೆ ಬಂತು.

ಮಾಟುಂಗಾ ರಿಫ್ಲಕ್ಸ್ (ಮುಂಬೈ)

ತೇವಾಂಶದಿಂದ ಹುಟ್ಟಿದ ಹೈಡ್ರೋಜನ್ ಕ್ಲೋರೈಡ್ ಉಂಗುರದೊಳಗಿನ ದ್ವಿಬಂಧವನ್ನು ಪಕ್ಕಕ್ಕೆ ಸರಿಸಿರಬಹುದು. ಇದು ಊಹೆ ಮಾತ್ರ. ಹೊಸ ಬಾಟಲಿಯ ಅಲ್ಯುಮಿನಿಯಂ ಕ್ಲೋರೈಡ್‌ನಿಂದ ಇನ್ನೊಮ್ಮೆ ಮಾಡಿ, ಶಾಖದ ಮಾದರಿಯ ಸ್ವಲ್ಪ ಭಾಗಕ್ಕೆ ಹಳೆಯ ಬಾಟಲಿಯದನ್ನು ಹಾಕಿ ಕಲಕಿ, ಎರಡರ ಕ್ರೊಮ್ಯಾಟೊಗ್ರಾಮನ್ನೂ ಇಲ್ಲಿ ಹಾಕಿ. ಗೂನು ಎರಡನೆಯದರಲ್ಲಿ ಮಾತ್ರ ಕಂಡರೆ ಆಗ ಮುಂದೆ ಮಾತಾಡೋಣ.